ಕ್ಷಣಕ್ಷಣಕ್ಕೂ ಬದಲಾಗುವ ಬಡ್ಡಿಯ ಲೆಕ್ಕ

ನಮ್ಮ ಅಂಕಗಣಿತದ ಪುಸ್ತಕಗಳಲ್ಲಿ ಬಡ್ಡಿಯ ದರವು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುತ್ತದೆ. ವ್ಯವಹಾರದಲ್ಲಿ ಹಾಗಲ್ಲ. ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಾವಧಿಗೆ ಕೊಡುವ ಸಾಲದ ದರಕ್ಕೆ ರೆಪೋ ದರವೆಂದು ಹೆಸರು. 2022ರ ಮೇ 4ರಿಂದ 2023ರ ಫೆಬ್ರವರಿ 8ರವರೆಗೆ ಅದು ಆರು ಸಲ ಏರಿ, ಶೇಕಡಾ 4.00 ಇದ್ದುದು 6.50 ಆಯಿತು. ಈ ದರಕ್ಕೆ ಜೋಡಿಸಿದ ಮನೆ ಸಾಲಗಳ ಬಡ್ಡಿಯೂ ಅದರೊಡನೆ ಏರಿತು. ಹೀಗೆ ದರವು ನಡುವೆ ಬದಲಾಗುತ್ತಿದ್ದರೆ ಹಣದ ಬೆಳವಣಿಗೆಯನ್ನು ಎಣಿಸುವ ಬಗೆ ಹೇಗೆಂಬುದನ್ನು ಈ ಪಾಠದಲ್ಲಿ ನೋಡೋಣ.

ಯಾವುದೇ ಒಂದು ಕ್ಷಣದಲ್ಲಿ, ಅದುವರೆಗೆ ಕೂಡಿರುವ ಹಣವು ತನ್ನ ಯಾವ ಪ್ರಮಾಣದಲ್ಲಿ ಬೆಳೆಯುತ್ತಿದೆಯೋ ಆ ಪ್ರಮಾಣವನ್ನು ವರ್ಷದ ಲೆಕ್ಕದಲ್ಲಿ ಹೇಳಿದರೆ ಅದೇ ‘ಬಡ್ಡಿಯ ಬಲ’. ಇದನ್ನು δ(t) ಎಂದು ಬರೆಯುತ್ತಾರೆ. ಇಲ್ಲಿ t ಎಂದರೆ ಕಳೆದ ವರ್ಷಗಳು. ಆರಂಭದಲ್ಲಿಟ್ಟ ಒಂದು ರೂಪಾಯಿಯು t ವರ್ಷಗಳಲ್ಲಿ ಎಷ್ಟಾಗುವುದೆಂದು ತಿಳಿಸುವುದು ‘ಸಂಚಯ ಫಲನ’, ಅದು a(t).

ಇವೆರಡರ ಸಂಬಂಧವನ್ನು ಹೀಗೆ ತಿಳಿಯಬಹುದು. ಕಾಲವನ್ನು ಅತಿ ಸಣ್ಣ ತುಂಡುಗಳನ್ನಾಗಿ ಮಾಡೋಣ. ಒಂದು ತುಂಡಿನ ಉದ್ದ h ಆದರೆ, ಅಷ್ಟರಲ್ಲಿ ಹಣವು (1 + δh) ಪಟ್ಟು ಆಗುತ್ತದೆ. h ಅತಿ ಸಣ್ಣದಾದಾಗ ಇದು e^(δh)ಗೆ ಸಮೀಪ. e ಎಂದರೆ 2.718... ಎಂಬ ಸಂಖ್ಯೆ. ಇಂತಹ ತುಂಡುಗಳನ್ನೆಲ್ಲ ಗುಣಿಸಿದರೆ ಘಾತಾಂಕಗಳು ಕೂಡುತ್ತವೆ. δh ಎಂಬುದು δ ರೇಖೆಯ ಕೆಳಗಿನ ಒಂದು ತೆಳ್ಳನೆಯ ಪಟ್ಟಿಯ ಕ್ಷೇತ್ರಫಲವೇ ಆದುದರಿಂದ, ಎಲ್ಲ ಪಟ್ಟಿಗಳ ಮೊತ್ತವು ರೇಖೆಯ ಕೆಳಗಿನ ಪೂರ್ತಿ ಕ್ಷೇತ್ರಫಲವಾಗುತ್ತದೆ. ಅದನ್ನು A ಎಂದರೆ,

a(t) = e^A

ಒಂದು ಲೆಕ್ಕ ಮಾಡೋಣ. ಬಡ್ಡಿಯ ಬಲವು ಎರಡು ವರ್ಷಗಳಲ್ಲಿ 0.04ರಿಂದ 0.06ಕ್ಕೆ ಒಂದೇ ಸಮನೆ ಏರುತ್ತದೆ ಎನ್ನಿ; ಆಗ δ(t) = 0.04 + 0.01t. ರೇಖೆಯ ಕೆಳಗಿನ ಆಕೃತಿಯು 0.04 ಮತ್ತು 0.06 ಎಂಬ ಸಮಾಂತರ ಬಾಹುಗಳುಳ್ಳ ತ್ರಾಪಿಜ್ಯ. ಬಾಹುಗಳ ಸರಾಸರಿ 0.05, ಅಗಲ 2. ಆದುದರಿಂದ ಕ್ಷೇತ್ರಫಲ 0.10. e^0.10 = 1.10517. ನಾವು ಇಟ್ಟ 10,000 ರೂಪಾಯಿ 11,052 ರೂಪಾಯಿಯಾಗುತ್ತದೆ.

ಇಲ್ಲಿ ಹಲವರು ಎಡವುತ್ತಾರೆ. ಕೊನೆಯ ಬಲವಾದ 0.06ನ್ನು 2ರಿಂದ ಗುಣಿಸಿ e^0.12 ಎಂದು ಬರೆದರೆ 11,275 ರೂಪಾಯಿ ಬರುತ್ತದೆ. ಇದು ತಪ್ಪು, ಬಲವು ಮೊದಲ ದಿನದಿಂದಲೇ 0.06 ಇದ್ದಂತೆ ಎಣಿಸಿದ ಹಾಗಾಯಿತು. ಚಿತ್ರ ಬರೆದು ನೋಡಿದರೆ ತ್ರಾಪಿಜ್ಯದ ಬದಲು ಅದಕ್ಕಿಂತ ದೊಡ್ಡದಾದ ಆಯತವನ್ನು ತೆಗೆದುಕೊಂಡಿರುವುದು ಕೂಡಲೆ ಗೊತ್ತಾಗುವುದು.

ಈಗ ಬಲವು 0.06ರಿಂದ 0.04ಕ್ಕೆ ಇಳಿಯಲಿ. ತ್ರಾಪಿಜ್ಯವು ತಿರುಗಿ ನಿಂತಿತು, ಕ್ಷೇತ್ರಫಲ ಮಾತ್ರ ಅದೇ 0.10. ಕೊನೆಗೆ ಸಿಗುವುದೂ ಅದೇ 11,052 ರೂಪಾಯಿ. ಒಂದೇ ಸಲ ಇಟ್ಟ ಹಣಕ್ಕೆ ಬಲವು ಮೊದಲು ಏರಿತೋ ಇಳಿಯಿತೋ ಎಂಬುದು ಲೆಕ್ಕಕ್ಕಿಲ್ಲ.

ಆದರೆ ಕಂತಿನಲ್ಲಿ ಉಳಿಸುವವರ ಸ್ಥಿತಿ ಬೇರೆ. ಮೊದಲ ವರ್ಷದ ಕೊನೆಗೆ ಇನ್ನೂ 10,000 ರೂಪಾಯಿ ಇಟ್ಟೆವು ಎಂದುಕೊಳ್ಳೋಣ. ಆ ಎರಡನೆಯ ಕಂತಿಗೆ ದೊರೆಯುವುದು ಎರಡನೆಯ ವರ್ಷದ ಕ್ಷೇತ್ರಫಲವಷ್ಟೇ. ಏರುವ ಬಲದಲ್ಲಿ ಅದು 0.055, ಕಂತು 10,565 ರೂಪಾಯಿ ಆಗುತ್ತದೆ. ಇಳಿಯುವ ಬಲದಲ್ಲಿ ಅದು 0.045, ಕಂತು 10,460 ರೂಪಾಯಿ ಮಾತ್ರ. ಎರಡು ಕಂತುಗಳೂ ಸೇರಿ ಒಂದು ಕಡೆ 21,617, ಇನ್ನೊಂದು ಕಡೆ 21,512 ರೂಪಾಯಿ. ಸರಾಸರಿ ಬಲ ಎರಡರಲ್ಲೂ 0.05 ಆದರೂ 105 ರೂಪಾಯಿಗಳ ಅಂತರ ಉಂಟಾಯಿತು. ಹಣವು ಹೆಚ್ಚಿರುವಾಗ ಬಲವೂ ಹೆಚ್ಚಿದ್ದುದೇ ಇದಕ್ಕೆ ಕಾರಣ.

ಎರಡು ಎಚ್ಚರಿಕೆಗಳು ಅಗತ್ಯ. ಬಲವು 0.06 ಎಂದರೆ ವರ್ಷಕ್ಕೆ ನೂರಕ್ಕೆ ಆರು ರೂಪಾಯಿ ಎಂದಲ್ಲ, e^0.06 = 1.0618 ಆದುದರಿಂದ ನೂರಕ್ಕೆ 6.18 ರೂಪಾಯಿ. ಬ್ಯಾಂಕು ಹೇಳುವುದು ವಾರ್ಷಿಕ ಫಲದ ದರವಾದರೆ ಅದನ್ನು ಮೊದಲು ಬಲಕ್ಕೆ ತಿರುಗಿಸಿಕೊಳ್ಳಬೇಕು. ಇನ್ನು, ನಿಜವಾದ ದರವು ನಮ್ಮ ನೇರ ರೇಖೆಯಂತೆ ಏರುವುದಿಲ್ಲ, ರೆಪೋ ದರದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆಗ ತ್ರಾಪಿಜ್ಯದ ಬದಲು ಆಯತಗಳು ಬರುತ್ತವೆ; ಅವುಗಳ ಕ್ಷೇತ್ರಫಲಗಳನ್ನು ಕೂಡಿದರಾಯಿತು, ಸೂತ್ರವು ಬದಲಾಗುವುದಿಲ್ಲ.

ಅಭ್ಯಾಸಕ್ಕಾಗಿ: ಬಡ್ಡಿಯ ಬಲವು ಮೊದಲ ವರ್ಷದಲ್ಲಿ 0.06ರಿಂದ 0.04ಕ್ಕೆ ಒಂದೇ ಸಮನೆ ಇಳಿದು, ಎರಡನೆಯ ವರ್ಷವಿಡೀ 0.04ರಲ್ಲೇ ನಿಂತರೆ 10,000 ರೂಪಾಯಿ ಎಷ್ಟಾಗುವುದು? ಚಿತ್ರ ಬರೆದು ಕ್ಷೇತ್ರಫಲವನ್ನು ಕಂಡುಹಿಡಿಯಿರಿ. ಉತ್ತರವು 10,942 ರೂಪಾಯಿ ಬರಬೇಕು.