ಕೊಯ್ದ ಆಪೂಸಿನ ಫೋಟೊ, ಕಾರ್ಬೈಡ್ ಎಂಬ ಆರೋಪ

ಸಿಪ್ಪೆಗೆ ಬಂಗಾರದ ಬಣ್ಣ ಬಂದಿರುತ್ತದೆ, ಮೂಗಿನ ಹತ್ತಿರ ಹಿಡಿದರೆ ಘಮ ಇರುತ್ತದೆ, ಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಹೆಚ್ಚಿ ನೋಡಿದರೆ ವಾಟೆಯ ಸುತ್ತಲಿನ ತಿರುಳು ಬಿಳಿಚಿಕೊಂಡು, ನೆನೆದ ಬ್ರೆಡ್ಡಿನ ಹಾಗೆ ಮೆತ್ತಗಾಗಿರುತ್ತದೆ. ಕೆಲವು ಹಣ್ಣಿನಲ್ಲಿ ಅಲ್ಲಲ್ಲಿ ಗಾಳಿ ತುಂಬಿದ ಪೊಳ್ಳೂ ಕಾಣುತ್ತದೆ. ಬಾಯಿಗಿಟ್ಟರೆ ಹುಳಿ, ಒಂದು ಥರದ ಹಳಸಲು ವಾಸನೆ. ಆಪೂಸು ಬೆಳೆಯುವವರೆಲ್ಲ ಬಲ್ಲ ದೋಷವಿದು. ಪುಸ್ತಕಗಳಲ್ಲಿ ಸ್ಪಂಜಿ ಟಿಶ್ಯೂ ಎನ್ನುತ್ತಾರೆ, ಕೊಂಕಣದವರು ಸಾಕಾ ಎನ್ನುತ್ತಾರೆ. ಬೆಂಗಳೂರಿನ ಗಿರಾಕಿಗಳು ಮಾತ್ರ ಇದರ ಫೋಟೊ ತೆಗೆದು, ಕೆಳಗೆ "ಕೆಮಿಕಲ್ ಹಣ್ಣು" ಎಂದು ಬರೆದು ಕಳಿಸುತ್ತಾರೆ.

ಧಾರವಾಡದ ಹತ್ತಿರ ನಮ್ಮ ಮಾವನವರ ಕಾಲದ ಆಪೂಸಿನ ತೋಟವಿದೆ. ದಲ್ಲಾಳಿಗೆ ಗುತ್ತಿಗೆ ಕೊಡುವುದನ್ನು ಬಿಟ್ಟು, ಹುಲ್ಲಿನಲ್ಲಿ ಅಡಿ ಹಾಕಿದ ಹಣ್ಣನ್ನು ನಾವೇ ಬಾಕ್ಸಿನಲ್ಲಿ ತುಂಬಿ ಮಾರುತ್ತೇವೆ. ಒಂದು ವರ್ಷ ಮೇಳವೊಂದರಲ್ಲಿ ನಮ್ಮ ಮಳಿಗೆ ಇತ್ತು. ಮಧ್ಯಾಹ್ನದ ಹೊತ್ತು, ಜನ ತುಂಬಿದ್ದರು. ಹಿಂದಿನ ದಿನ ಹಣ್ಣು ಒಯ್ದಿದ್ದ ಒಬ್ಬರು ಮೊಬೈಲ್ ಹಿಡಿದು ಬಂದರು. ಅವರ ಬೆನ್ನಿಗೇ ತಪಾಸಣೆಗೆ ಬಂದಿದ್ದ ಅಧಿಕಾರಿಯೂ ಬಂದರು. ಫೋಟೊವನ್ನು ಎರಡು ಬೆರಳಿಂದ ದೊಡ್ಡದು ಮಾಡಿ ನೋಡಿ, ಎಲ್ಲರಿಗೂ ಕೇಳುವ ಹಾಗೆ "ಇದು ಕಾರ್ಬೈಡ್ ಐತ್ರಿ ಅಕ್ಕಾರ. ಬಾಕ್ಸ್ ಎಲ್ಲಾ ಕಟ್ಟಿ ಇಡ್ರಿ" ಎಂದುಬಿಟ್ಟರು.

ಒಂದು ಹಣ್ಣನ್ನೂ ಮುಟ್ಟಿ ನೋಡಿರಲಿಲ್ಲ ಅವರು. ಸಾಲಿನಲ್ಲಿ ನಿಂತವರು ಒಬ್ಬೊಬ್ಬರೇ ಜಾರಿಕೊಂಡರು. ಕೈಯಲ್ಲಿ ಚೀಲ ಹಿಡಿದಿದ್ದ ಒಬ್ಬ ಅಜ್ಜಿ ಅದನ್ನು ಮೇಜಿನ ಮೇಲಿಟ್ಟು, ರೊಕ್ಕ ವಾಪಸ್ ಕೇಳಿದರು. ಕಾರ್ಬೈಡಿನಿಂದ ಹಣ್ಣು ಮಾಗಿಸುವುದು 2011ರ ಆಹಾರ ಸುರಕ್ಷತೆಯ ನಿಯಮಗಳಲ್ಲಿ ನಿಷಿದ್ಧ. ಅಂಥ ಆರೋಪ ತಗುಲಿದ ಮೇಲೆ ಸುಮ್ಮನಿದ್ದರೆ ಹೌದೆಂದು ಒಪ್ಪಿದಂತೆ.

ನಾನು ಚಾಕು ತೆಗೆದುಕೊಂಡು ಅಲ್ಲೇ ಹೆಚ್ಚತೊಡಗಿದೆ. ಮೊದಲೆರಡು ಹಣ್ಣು ವಾಟೆಯವರೆಗೂ ಕೇಸರಿ ಬಣ್ಣ. ಮೂರನೆಯದರಲ್ಲಿ ಬಿಳಿ ತಿರುಳು ಬಂತು. "ನೋಡ್ರಿ!" ಎಂದರು ಸಾಹೇಬರು. ಮೈದುನನ ಮಗನನ್ನು ಔಷಧಿ ಅಂಗಡಿಗೆ ಓಡಿಸಿ ಟಿಂಚರ್ ಅಯೋಡಿನ್ ತರಿಸಿದೆ. ಹಿಟ್ಟಿನ ಅಂಶ ಇದ್ದಲ್ಲಿ ಅಯೋಡಿನ್ ಕಪ್ಪುನೀಲಿ ಆಗುತ್ತದೆ. ಕಾಯಿಯಲ್ಲಿ ಇರುವ ಹಿಟ್ಟು ಹಣ್ಣಾಗುವಾಗ ಸಕ್ಕರೆಯಾಗಬೇಕು. ಸಿಪ್ಪೆಯ ಕಡೆಯ ಕೇಸರಿ ತಿರುಳಿನ ಮೇಲೆ ಒಂದು ಹನಿ ಬಿಟ್ಟೆ, ಕಂದು ಬಣ್ಣ ಹಾಗೇ ಉಳಿಯಿತು. ವಾಟೆಯ ಪಕ್ಕದ ಬಿಳಿ ಭಾಗದ ಮೇಲೆ ಇನ್ನೊಂದು ಹನಿ ಬಿಟ್ಟೆ, ನೋಡನೋಡುತ್ತ ಕಪ್ಪಾಯಿತು.

"ಅಂದ್ರ ಹಣ್ಣಾಗಿಲ್ಲ. ಕಾರ್ಬೈಡ್ ಹಾಕಿ ಮ್ಯಾಲಿನ ಬಣ್ಣ ಅಷ್ಟ ಬರಿಸೀರಿ" ಎಂದರು.

ಇಲ್ಲೇ ಎಲ್ಲರೂ ಎಡವುವುದು. ಎಳೆಗಾಯಿಗೆ ಕಾರ್ಬೈಡ್ ಹಾಕಿ ಬಣ್ಣ ಬರಿಸಿದ್ದರೆ ಹಿಟ್ಟು ತಿರುಳಿನ ತುಂಬ ಉಳಿದಿರುತ್ತಿತ್ತು, ಸಿಪ್ಪೆಯ ಕಡೆಗೂ ಅಯೋಡಿನ್ ಕಪ್ಪಾಗುತ್ತಿತ್ತು. ಅಂಥ ಹಣ್ಣಿನ ತಿರುಳು ಎಲ್ಲ ಕಡೆ ಒಂದೇ ಸಮ ಪೇಲವವಾಗಿರುತ್ತದೆ, ಘಮ ಇರುವುದಿಲ್ಲ. ನಮ್ಮದರಲ್ಲಿ ಹೊರಭಾಗ ಪೂರ್ತಿ ಮಾಗಿತ್ತು, ಒಳಗೆ ಮಾತ್ರ ಕೆಟ್ಟಿತ್ತು. ಚೆನ್ನಾಗಿ ಬಲಿತ ಕಾಯಿಗೆ ಯಾರಾದರೂ ಕಾರ್ಬೈಡ್ ಹಾಕಿದ್ದರೆ ಅದನ್ನು ಫೋಟೊ ನೋಡಿಯೂ ಹೇಳಲಾಗದು, ಅಯೋಡಿನ್ನಿನಿಂದಲೂ ಹೇಳಲಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ವಾಟೆಗೆ ಅಂಟಿದ ಬಿಳಿ ತಿರುಳು ಕಾರ್ಬೈಡಿನ ಗುರುತಲ್ಲ.

ಕೊನೆಗೆ ಆ ವಾಟೆಯನ್ನೇ ಅಂಚಿನಿಂದ ಸೀಳಿ ತೋರಿಸಿದೆ. ಒಳಗಿನ ಬೀಜ ಉಬ್ಬಿ, ಬೇಳೆ ಬಿರಿದು, ಬೇರಿನ ತುದಿ ಹೊರಗೆ ಇಣುಕುತ್ತಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದು ಇದನ್ನೇ. ಮಾವಿನ ಬೀಜಕ್ಕೆ ಜೋಳದ ಹಾಗೆ ಒಣಗಿ ಸುಪ್ತವಾಗಿ ಕೂರುವ ಗುಣ ಇಲ್ಲ. ಕಾಯಿ ಮರದಲ್ಲಿದ್ದಾಗಲೇ ಬೀಜ ಮೊಳೆಯುವ ದಾರಿ ಹಿಡಿದರೆ, ಸುತ್ತಲಿನ ತಿರುಳು ಸರಿಯಾಗಿ ಮಾಗದೆ ಕೆಡುತ್ತದೆ. ಬೇರಿನ ತುದಿ ಪ್ರತಿ ಹಣ್ಣಿನಲ್ಲೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಅಂದು ಕಂಡಿತು. ಅಜ್ಜಿ ಬಗ್ಗಿ ನೋಡಿ, ಚೀಲ ಮತ್ತೆ ಎತ್ತಿಕೊಂಡರು. ಸಾಹೇಬರು "ಲ್ಯಾಬಿಗೆ ಕಳಸ್ತೀವಿ" ಎಂದು ಎರಡು ಹಣ್ಣು ಒಯ್ದರು. ವರದಿ ಕೇಳಿ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಆಪೂಸಿನ ಈ ದೋಷವನ್ನು ಚೀಮಾ ಮತ್ತು ದಾನಿ ಎಂಬವರು 1930ರ ದಶಕದಲ್ಲೇ, ಮುಂಬೈ ಪ್ರಾಂತ್ಯದ ಹಣ್ಣನ್ನು ಯುರೋಪಿಗೆ ಕಳಿಸುತ್ತಿದ್ದ ಕಾಲಕ್ಕೇ ಬರೆದಿಟ್ಟಿದ್ದಾರೆ. ಆಗ ಧಾರವಾಡವೂ ಅದೇ ಪ್ರಾಂತ್ಯದಲ್ಲಿತ್ತು. ಹಣ್ಣು ತಪಾಸಣೆ ಮಾಡುವವರಿಗೆ ಇದು ಗೊತ್ತಿರಬೇಕು.

ಅಷ್ಟೊಂದು ಹಣ್ಣು ಆ ವರ್ಷವೇ ಕೆಟ್ಟಿದ್ದಕ್ಕೆ ನಾನು ದೂರುವುದು ನಮ್ಮ ಕಾಕಾನನ್ನು. ತೋಟ ಚೊಕ್ಕಟ ಕಾಣಲಿ ಎಂದು ಮರದ ಬುಡದ ತರಗೆಲೆಯನ್ನೆಲ್ಲ ಗುಡಿಸಿ ಸುಟ್ಟರು. ಬೋಳು ನೆಲ ಬಿಸಿಲಿಗೆ ಕಾಯ್ದು, ಆ ಝಳ ಮೇಲಕ್ಕೆ ಬಂದು ಕಾಯಿಗೆ ತಾಗುವುದೂ ಈ ದೋಷಕ್ಕೆ ಕಾರಣ ಎಂದು ಬಲ್ಲವರು ಹೇಳುತ್ತಾರೆ. ಅದು ಸಾಲದೆಂದು, ತೂಕ ಬರಲಿ ಅಂತ, ಮರದಲ್ಲೇ ಹಣ್ಣಾಗಿ ಉದುರಲು ಶುರುವಾಗುವವರೆಗೂ ಕೊಯ್ಯಲು ಬಿಡಲಿಲ್ಲ. "ನೀ ನಿನ್ನೆ ಬಂದಾಕಿ, ಈ ಮರ ಹಚ್ಚಿದಾಂವ ನಾನು" ಎಂದರು. ಕಾಯಿ ಮರದ ಮೇಲೆ ಬಲಿತಷ್ಟೂ ಒಳಗಿನ ಬೀಜ ಮುಂದಕ್ಕೆ ಹೋಗುತ್ತದೆ, ಕೆಡುವ ಹಣ್ಣೂ ಹೆಚ್ಚುತ್ತದೆ.

ಈಗ ತರಗೆಲೆಗೆ ಕೈ ಹಚ್ಚಲು ಯಾರನ್ನೂ ಬಿಡುವುದಿಲ್ಲ, ಬುಡದಲ್ಲಿ ದಪ್ಪಗೆ ಹಾಸಿಯೇ ಇರುತ್ತದೆ. ಹೆಗಲು ತುಂಬಿ, ತೊಟ್ಟಿನ ಸುತ್ತ ತಗ್ಗು ಬಿದ್ದ ಕಾಯಿಯನ್ನು, ಸುಮಾರು ಶೇ 85 ಬಲಿತಾಗ ಬಲೆ ಕಟ್ಟಿದ ದೋಟಿಯಿಂದ ಇಳಿಸುತ್ತೇವೆ. ಎರಡು ಟಬ್ಬು ಇಟ್ಟಿದ್ದೇನೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಲೀಟರಿಗೆ 25 ಗ್ರಾಂ ಉಪ್ಪು ಬೆರೆಸಿದ ನೀರು. ಬರೀ ನೀರಿನಲ್ಲಿ ತೇಲುವುದು ಎಳೆಗಾಯಿ. ಅಲ್ಲಿ ಮುಳುಗಿ, ಉಪ್ಪುನೀರಿನಲ್ಲಿ ತೇಲುವುದು ಬಾಕ್ಸಿಗೆ. ಎರಡರಲ್ಲೂ ಮುಳುಗುವುದು ಅತಿ ಬಲಿತದ್ದು. ಅದನ್ನು ದೂರ ಕಳಿಸದೆ ಬೇರೆ ಇಟ್ಟು, ಹಣ್ಣಾದ ಮೇಲೆ ಹೆಚ್ಚಿ ನೋಡಿ ಸೀಕರಣೆಗೆ ಬಳಸುತ್ತೇವೆ. ಈ ನೀರಿನ ಪರೀಕ್ಷೆ ಬಲಿತ ಮಟ್ಟವನ್ನಷ್ಟೇ ಹೇಳುತ್ತದೆ. ಒಳಗೆ ಆಗಲೇ ಪೊಳ್ಳಾದ ಕಾಯಿ ಹಗುರಾಗಿ ತೇಲಬಹುದು, ಆದ್ದರಿಂದ ಒಂದೊಂದು ಬಾಕ್ಸಿನಲ್ಲಿ ಈಗಲೂ ಒಂದು ಕೆಟ್ಟ ಹಣ್ಣು ಹೋಗುತ್ತದೆ.

ಹೊಸದಾಗಿ ಗಿಡ ಹಚ್ಚುವವರಿಗೆ ರತ್ನಾ ಅಥವಾ ಅರ್ಕಾ ಪುನೀತ್ ಇವೆ. ಎರಡಕ್ಕೂ ಆಪೂಸಿನ ರಕ್ತವಿದೆ, ಈ ಕಾಟ ಇಲ್ಲ. ನಮ್ಮ ಮರಗಳಿಗೆ ವಯಸ್ಸಾಗಿದೆ, ಕಡಿಯಲು ಮನಸ್ಸಿಲ್ಲ.

ಗಿರಾಕಿಗಳಿಗೆ ಬಾಕ್ಸಿನ ಜೊತೆ ಒಂದು ಚೀಟಿ ಕಳಿಸುತ್ತೇನೆ: ಹಣ್ಣು ಕೆಟ್ಟಿದ್ದರೆ ಸಿಪ್ಪೆಯದು, ಹೆಚ್ಚಿದ ತಿರುಳಿನದು, ಸೀಳಿದ ವಾಟೆಯದು, ಹೀಗೆ ಮೂರು ಫೋಟೊ ಕಳಿಸಿರಿ. ತೊಟ್ಟಿನಿಂದ ಕೆಳಕ್ಕೆ ಕಪ್ಪಾಗುತ್ತ ಇಳಿದಿದ್ದರೆ ಅದು ತೊಟ್ಟುಕೊಳೆ, ಹುಳ ಹರಿದಾಡುತ್ತಿದ್ದರೆ ಹಣ್ಣುನೊಣ. ಸಿಪ್ಪೆ ಚೆಂದವಿದ್ದು ವಾಟೆಯ ಸುತ್ತ ಬೆಳ್ಳಗಿದ್ದರೆ ಆ ಹಣ್ಣಿನ ರೊಕ್ಕ ನಾನು ಮರಳಿಸುತ್ತೇನೆ.