ಐ7ಗಾಗಿ ಸರ ಅಡ ಇಡಬೇಕೆ?

ಪ್ರಶ್ನೆ: ತಿಪಟೂರಿನಲ್ಲಿ ಸಣ್ಣದೊಂದು ಟೈಲರಿಂಗ್ ಅಂಗಡಿ ನಡೆಸುತ್ತಿದ್ದೇನೆ. ಮಗಳು ಈ ವರ್ಷ ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ್ದಾಳೆ. ಅಂಗಡಿಯವರು ಮೂರು ಲ್ಯಾಪ್‌ಟಾಪ್‌ಗಳ ರೇಟು ಬರೆದುಕೊಟ್ಟಿದ್ದಾರೆ. ಮೊದಲನೆಯದು i3-1315U, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 37,500 ರೂಪಾಯಿ. ಎರಡನೆಯದು i5-1335U, 16 ಜಿಬಿ, 512 ಜಿಬಿ, 53,500. ಮೂರನೆಯದು i7-1355U, 16 ಜಿಬಿ, 1 ಟಿಬಿ, 71,000. ‘ನಾಲ್ಕು ವರ್ಷ ಬಾಳಿಕೆ ಬರಬೇಕಾದರೆ ಐ7 ತಗೊಳ್ಳಿ’ ಅನ್ನುತ್ತಾರೆ. ಅಷ್ಟು ದುಡ್ಡು ಕೈಯಲ್ಲಿಲ್ಲ, ಕತ್ತಿನ ಸರ ಅಡ ಇಡೋಣ ಅಂದುಕೊಂಡಿದ್ದೇನೆ. ಕಡಿಮೆಯದು ಕೊಡಿಸಿ ಮಗಳ ಓದಿಗೆ ತೊಂದರೆಯಾದರೆ ಎಂಬ ಭಯ. ಬಿಡಿಯಾಗಿ ಕೊಂಡರೆ 8 ಜಿಬಿ ರ‍್ಯಾಮ್‌ಗೆ 2,200, 1 ಟಿಬಿ ಎಸ್‌ಎಸ್‌ಡಿಗೆ 6,500 ಎಂದೂ ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಸಹೋದರಿ, ಸರ ಅಡ ಇಡಬೇಡಿ. 71,000ದ ಲ್ಯಾಪ್‌ಟಾಪ್ ನಿಮ್ಮ ಮಗಳಿಗೆ ಬೇಕಾಗಿಲ್ಲ. ಬಿಡಿ ಭಾಗಗಳ ರೇಟನ್ನೂ ಕೇಳಿ ಬರೆದಿದ್ದೀರಿ, ಒಳ್ಳೆಯದಾಯಿತು. ಯಾವುದಕ್ಕೆ ಎಷ್ಟು ದುಡ್ಡು ಹೋಗುತ್ತಿದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಎರಡನೆಯದಕ್ಕೂ ಮೂರನೆಯದಕ್ಕೂ 17,500 ರೂಪಾಯಿ ವ್ಯತ್ಯಾಸ. ರ‍್ಯಾಮ್ ಎರಡರಲ್ಲೂ ಒಂದೇ. ಎಸ್‌ಎಸ್‌ಡಿ ದೊಡ್ಡದು, ಆದರೆ ಅದನ್ನು ಹೊಸದಾಗಿ ಕೊಂಡರೂ 6,500. ಅದನ್ನು ಕಳೆದರೆ 11,000 ಉಳಿಯಿತು. ಮೈಕಟ್ಟು, ಪರದೆ ಒಂದೇ ಆಗಿದ್ದರೆ ಈ ಹನ್ನೊಂದು ಸಾವಿರ ನೀವು ಕೊಡುತ್ತಿರುವುದು ‘ಐ7’ ಎಂಬ ಸ್ಟಿಕರ್‌ಗೆ.

ಆ ಸ್ಟಿಕರ್‌ನ ಹಿಂದೆ ಇರುವುದೇನು ನೋಡಿ. i5-1335U ಒಳಗೆ ಹತ್ತು ಕೋರ್‌ಗಳಿವೆ: ಎರಡು ಬಿರುಸಿನವು, ಎಂಟು ಚಿಕ್ಕವು. i7-1355U ಒಳಗೂ ಅಷ್ಟೇ, ಎರಡು ಮತ್ತು ಎಂಟು. ಕ್ಯಾಶ್ ಎರಡರಲ್ಲೂ 12 ಎಂಬಿ. ಎರಡನ್ನೂ ಇಂಟೆಲ್ ರೂಪಿಸಿರುವುದು 15 ವ್ಯಾಟ್‌ನ ಲೆಕ್ಕದಲ್ಲಿ. ಮುಖ್ಯ ವ್ಯತ್ಯಾಸ ಗರಿಷ್ಠ ವೇಗದ್ದು: ಐ5ದು 4.6 ಗಿಗಾಹರ್ಟ್ಜ್, ಐ7ದು 5.0. ಅಂದರೆ ನೂರಕ್ಕೆ ಒಂಬತ್ತರಷ್ಟೂ ಇಲ್ಲ. ಆ ಗರಿಷ್ಠ ವೇಗ ನಿಲ್ಲುವುದೂ ಸ್ವಲ್ಪ ಹೊತ್ತು ಮಾತ್ರ. ತೆಳ್ಳಗಿನ ಲ್ಯಾಪ್‌ಟಾಪ್ ಬಿಸಿಯಾಗುತ್ತಿದ್ದಂತೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಐ7ರ ಗ್ರಾಫಿಕ್ಸ್ ಭಾಗ ಕೊಂಚ ದೊಡ್ಡದು ನಿಜ, ಆದರೆ ಪ್ರೋಗ್ರಾಂ ಬರೆದು ಓಡಿಸುವವಳಿಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಮುಂದೆ ಮಷೀನ್ ಲರ್ನಿಂಗ್ ಓದುತ್ತಾಳೆ, ಐ7 ಬೇಕಾಗುತ್ತದೆ ಎಂದು ಅಂಗಡಿಯವರು ಹೇಳಬಹುದು. ಆ ಕೆಲಸಕ್ಕೆ ನೆರವಾಗುವುದು ಬೇರೆಯೇ ಗ್ರಾಫಿಕ್ಸ್ ಕಾರ್ಡ್, ಈ ಮೂರರಲ್ಲೂ ಅದಿಲ್ಲ. ಬೇಕಾದಾಗ ಕಾಲೇಜಿನ ಲ್ಯಾಬ್ ಇದೆ, ಗೂಗಲ್ ಕೊಲ್ಯಾಬ್ ಇದೆ.

ಐ3, ಐ5, ಐ7 ಎಂಬ ಅಂಕಿ ನೋಡಿ ಬೆಲೆ ಕಟ್ಟಬಾರದು, ಅದರ ಮುಂದಿರುವ ಪೂರ್ತಿ ಸಂಖ್ಯೆ ಓದಬೇಕು. 2020ರಲ್ಲಿ ಬಂದ i5-1135G7ನಲ್ಲಿ ನಾಲ್ಕೇ ಕೋರ್‌ಗಳು. 2023ರಲ್ಲಿ ಬಂದ, ನಿಮ್ಮ ಪಟ್ಟಿಯಲ್ಲಿರುವ i3-1315Uನಲ್ಲಿ ಆರು. ಹಳೆಯ ಐ5ಕ್ಕಿಂತ ಈ ಐ3 ಕಡಿಮೆಯದೇನಲ್ಲ. ಅಂಗಡಿಯವರು ಬರೀ ‘ಐ5, 16 ಜಿಬಿ’ ಎಂದು ಚೀಟಿ ಬರೆದುಕೊಟ್ಟರೆ ಒಪ್ಪಬೇಡಿ.

ಇನ್ನು ನಿಜವಾಗಿ ದುಡ್ಡು ಹಾಕಬೇಕಾದ ಕಡೆಗೆ ಬರುತ್ತೇನೆ. ಅದು ರ‍್ಯಾಮ್. ವಿಂಡೋಸ್, ಹತ್ತಿಪ್ಪತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್, ಪಕ್ಕದಲ್ಲಿ ಆನ್‌ಲೈನ್ ಕ್ಲಾಸು, ಜೊತೆಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಸೇರಿದರೆ 8 ಜಿಬಿ ಭರ್ತಿಯಾಗಿಬಿಡುತ್ತದೆ. ಮೊಬೈಲ್ ಆಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋವನ್ನು ಎಮ್ಯುಲೇಟರ್ ಸಮೇತ ಓಡಿಸಲು 16 ಜಿಬಿ ಬೇಕೇ ಬೇಕು. ಜಾಗ ಸಾಲದಾದಾಗ ವಿಂಡೋಸ್ ರ‍್ಯಾಮ್‌ನಲ್ಲಿದ್ದುದನ್ನು ಎಸ್‌ಎಸ್‌ಡಿಗೆ ಸಾಗಿಸಿ, ಬೇಕಾದಾಗ ವಾಪಸ್ ತರುತ್ತದೆ. ಎಸ್‌ಎಸ್‌ಡಿ ಎಷ್ಟೇ ಚುರುಕಾಗಿದ್ದರೂ ರ‍್ಯಾಮ್‌ನ ಮುಂದೆ ನಿಧಾನ. ಆಗಲೇ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುವಾಗ ಲ್ಯಾಪ್‌ಟಾಪ್ ತಡವರಿಸುವುದು, ಬಿಟ್ಟುಬಂದ ಟ್ಯಾಬ್ ಮತ್ತೆ ಮೊದಲಿಂದ ಲೋಡ್ ಆಗುವುದು. ‘ಪ್ರೊಸೆಸರ್ ಹಳೆಯದಾಯಿತು’ ಎಂದು ಜನ ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಾರೆ. ಎಷ್ಟೋ ಸಲ ಸಾಲದೇ ಹೋದದ್ದು ರ‍್ಯಾಮ್ ಅಷ್ಟೆ.

ಹಾಗಾಗಿ ಮೊದಲನೆಯ ಲ್ಯಾಪ್‌ಟಾಪ್ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ಇನ್ನೊಂದು ರ‍್ಯಾಮ್ ಹಾಕಲು ಖಾಲಿ ಸ್ಲಾಟ್ ಇದೆಯೇ? ಈಗ ಬರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಪಕ್ಕದಲ್ಲಿ ಸ್ಲಾಟ್ ಕೊಟ್ಟಿರದಿದ್ದರೆ ಅದು ಕೊನೆಯವರೆಗೂ 8 ಜಿಬಿಯೇ.

ಪರೀಕ್ಷಿಸುವುದು ಹೀಗೆ. ಅಂಗಡಿಯಲ್ಲಿ ಅದೇ ಮಾಡೆಲ್ ಆನ್ ಮಾಡಿಸಿ, Ctrl, Shift, Esc ಮೂರನ್ನೂ ಒಟ್ಟಿಗೆ ಒತ್ತಲು ಮಗಳಿಗೆ ಹೇಳಿ. Performance, ಅದರೊಳಗೆ Memory ತೆರೆದರೆ ಕೆಳಗೆ Slots used ಎಂಬ ಸಾಲು ಕಾಣುತ್ತದೆ. 1 of 2 ಎಂದಿದ್ದು, ಅದರ ಹತ್ತಿರದ Form factor ಮುಂದೆ SODIMM ಎಂದಿದ್ದರೆ ಒಳ್ಳೆಯ ಸೂಚನೆ. Row of chips ಎಂದಿದ್ದರೆ ಬೆಸುಗೆ ಹಾಕಿದ್ದು. ಈ ಪರದೆಯ ಮೇಲಷ್ಟೇ ಭರವಸೆ ಇಡಬೇಡಿ, ಕೆಲವು ಮಾಡೆಲ್‌ಗಳಲ್ಲಿ ಇದು ತಪ್ಪು ತೋರಿಸುತ್ತದೆ. ತಳಭಾಗದಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡು, ತಯಾರಕರ ವಿವರಪಟ್ಟಿಯಲ್ಲಿ Memory ಎಂಬಲ್ಲಿ ನೋಡಿ. not upgradable ಎಂದಿದ್ದರೆ ಮಾತು ಮುಗಿಯಿತು.

ಸ್ಲಾಟ್ ಇದ್ದರೆ ನನ್ನ ಸಲಹೆ ಮೊದಲನೆಯದೇ. 37,500ಕ್ಕೆ 2,200 ಸೇರಿಸಿ 39,700ಕ್ಕೆ 16 ಜಿಬಿ ಆಯಿತು. ಎರಡನೆಯದು ಇದಕ್ಕಿಂತ 13,800 ಹೆಚ್ಚು, ಅದರಿಂದ ಸಿಗುವುದು ನಾಲ್ಕು ಚಿಕ್ಕ ಕೋರ್‌ಗಳು. ಗರಿಷ್ಠ ವೇಗದಲ್ಲಿ ಐ3 ಹೆಚ್ಚೇನೂ ಹಿಂದಿಲ್ಲ, 4.5 ಗಿಗಾಹರ್ಟ್ಜ್. ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವಾಗ, ಎಮ್ಯುಲೇಟರ್ ಓಡಿಸುವಾಗ ಐ5 ಬೇಗ ಮುಗಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೊದಲೆರಡು ವರ್ಷದ ಸಿ, ಪೈಥಾನ್, ಜಾವಾ, ಡೇಟಾಬೇಸ್ ಲ್ಯಾಬುಗಳಿಗೆ ಐ3 ಧಾರಾಳವಾಗಿ ಸಾಕು. ಹೊಸ ರ‍್ಯಾಮ್ ಅನ್ನು ಅಂಗಡಿಯವರ ಕೈಯಿಂದಲೇ ಹಾಕಿಸಿ, ಡಿಡಿಆರ್4 ಬೇಕೋ ಡಿಡಿಆರ್5 ಬೇಕೋ ಅವರೇ ನೋಡಿ ಹಾಕಲಿ, ವಾರಂಟಿಗೆ ತೊಂದರೆಯಿಲ್ಲ ಎಂದು ಬರೆಸಿಕೊಳ್ಳಿ.

ಸ್ಲಾಟ್ ಇಲ್ಲದಿದ್ದರೆ ಮೊದಲನೆಯದನ್ನು ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ. ಆಗ ಎರಡನೆಯದು. ಒಮ್ಮೆಗೇ ಅಷ್ಟು ಹೊಂದಿಸಲು ಕಷ್ಟವೆನಿಸಿದರೆ, ಸ್ಲಾಟ್ ಇರುವ ಬೇರೆ ಐ3 ಮಾಡೆಲ್ ತರಿಸಿಕೊಡಿ ಎಂದು ಕೇಳಿ.

512 ಜಿಬಿ ಎಸ್‌ಎಸ್‌ಡಿ ಸಾಕು. ವಿಂಡೋಸ್‌ನಲ್ಲಿ ಅದು 476 ಜಿಬಿ ಎಂದು ಕಾಣುವುದು ಲೆಕ್ಕ ಹಾಕುವ ಕ್ರಮದಿಂದ, ಮೋಸವಲ್ಲ. ತುಂಬಿದ ದಿನ ದೊಡ್ಡದು ಹಾಕಿಸಬಹುದು, ಇಲ್ಲವೇ ವಿಡಿಯೋಗಳನ್ನು ಹೊರಗಿನ ಡ್ರೈವ್‌ಗೆ ಹಾಕಬಹುದು. ಅದಕ್ಕಾಗಿ ಇವತ್ತೇ ದುಡ್ಡು ಕಟ್ಟುವ ಅಗತ್ಯವಿಲ್ಲ. ಅದರ ಬದಲು ಪರದೆ ನೋಡಿ: ಐಪಿಎಸ್ ಪರದೆಯಾಗಿರಲಿ, ಪಕ್ಕದಿಂದ ನೋಡಿದರೂ ಅಕ್ಷರ ಮಂಕಾಗಬಾರದು. ಮಗಳು ದಿನವೂ ಗಂಟೆಗಟ್ಟಲೆ ದಿಟ್ಟಿಸುವುದು ಅದನ್ನೇ.

ಅಂಗಡಿಗೆ ಮಗಳನ್ನು ಕರೆದುಕೊಂಡೇ ಹೋಗಿ. ದುಡ್ಡು ಎಣಿಸುವ ಮೊದಲು ಬಿಲ್ಲಿನಲ್ಲಿ ಪ್ರೊಸೆಸರ್‌ನ ಪೂರ್ತಿ ಸಂಖ್ಯೆ, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು, ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಯಾವುದು ಎಂಬ ನಾಲ್ಕೂ ಇವೆಯೇ ಎಂದು ಅವಳಿಂದಲೇ ಓದಿಸಿ ನೋಡಿ.