ಮಾನಿಟರ್‌ನಲ್ಲಿ No Signal ಬಂದಾಗ: ಮಾಡಬೇಕಾದ್ದು, ಮಾಡಬಾರದ್ದು

ಕಂಪ್ಯೂಟರ್ ಲ್ಯಾಬಿನ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಯ ಗಮನಕ್ಕೆ

ಸಿಪಿಯು ಪೆಟ್ಟಿಗೆಯ ದೀಪ ಉರಿಯುತ್ತಿರುತ್ತದೆ, ಒಳಗೆ ಫ್ಯಾನ್ ತಿರುಗುತ್ತಿರುತ್ತದೆ, ಪರದೆಯ ಮೇಲೆ ಮಾತ್ರ No Signal ಎಂದು ಬರುತ್ತದೆ. ಆ ಮಾತನ್ನು ತೋರಿಸುತ್ತಿರುವುದು ಮಾನಿಟರ್ ತಾನೇ. ಅಂದಮೇಲೆ ಮಾನಿಟರಿಗೆ ಕರೆಂಟ್ ಬರುತ್ತಿದೆ, ಪರದೆಯೂ ಕೆಲಸ ಮಾಡುತ್ತಿದೆ. ಅದು ಕಾಯುತ್ತಿರುವ ದಾರಿಯಲ್ಲಿ ಚಿತ್ರ ಬರುತ್ತಿಲ್ಲ, ಅಷ್ಟೆ. ಆದ್ದರಿಂದ ಪರೀಕ್ಷಿಸಬೇಕಾದದ್ದು ಆ ದಾರಿಯನ್ನು: ಮೊದಲು ಇನ್‌ಪುಟ್, ಆಮೇಲೆ ಕೇಬಲ್, ಅದಾದ ಮೇಲೆ ಗ್ರಾಫಿಕ್ಸ್ ಔಟ್‌ಪುಟ್. ಈ ಕ್ರಮವನ್ನು ಯಾರೂ ತಪ್ಪಿಸಬಾರದು.

ಮಾಡಬೇಕಾದ್ದು

1. ಕಂಪ್ಯೂಟರ್ ನಿಜವಾಗಿ ನಡೆಯುತ್ತಿದೆಯೇ ಎಂದು ಮೊದಲು ತಿಳಿದುಕೊಳ್ಳಿ. ಫ್ಯಾನ್ ತಿರುಗುವುದು ಅದಕ್ಕೆ ಸಾಕ್ಷಿಯಲ್ಲ. ಕೀಬೋರ್ಡಿನ Caps Lock ಕೀಲಿಯನ್ನು ಒತ್ತಿ ನೋಡಿ. ಒತ್ತಿದಾಗಲೆಲ್ಲ ಅದರ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ನಡೆಯುತ್ತಿದೆ, ಚಿತ್ರ ಮಾತ್ರ ಹೊರಗೆ ತಲುಪುತ್ತಿಲ್ಲ. ಪೂರ್ತಿ ಆನ್ ಆಗುವಷ್ಟು ಸಮಯ ಕೊಟ್ಟ ಮೇಲೂ ದೀಪ ಬದಲಾಗದಿದ್ದರೆ ಕಂಪ್ಯೂಟರ್ ಆರಂಭದಲ್ಲೇ ನಿಂತಿರುವ ಸಾಧ್ಯತೆ ಹೆಚ್ಚು. ಆಗ ಕೇಬಲ್ ಬದಲಿಸಿದರೆ ಪ್ರಯೋಜನವಾಗುವುದು ಕಡಿಮೆ.

2. ಮಾನಿಟರ್‌ನ ಇನ್‌ಪುಟ್ ಸರಿಪಡಿಸಿ. ಮಾನಿಟರ್‌ನ ಅಂಚಿನಲ್ಲೋ ಹಿಂದೆಯೋ ಇರುವ ಗುಂಡಿಯನ್ನು ಒತ್ತಿ Input ಅಥವಾ Source ಎಂಬ ಪಟ್ಟಿ ತೆರೆಯಿರಿ. ಕೇಬಲ್ ಎಚ್‌ಡಿಎಂಐ ಕಿಂಡಿಯಲ್ಲಿದ್ದು ಪಟ್ಟಿಯಲ್ಲಿ ವಿಜಿಎ ಆಯ್ಕೆಯಾಗಿದ್ದರೆ ಚಿತ್ರ ಬರುವುದಿಲ್ಲ. ಎರಡು ಎಚ್‌ಡಿಎಂಐ ಕಿಂಡಿಗಳಿದ್ದರೆ ಕೇಬಲ್ ಸಿಕ್ಕಿಸಿರುವ ಕಿಂಡಿಯ ಸಂಖ್ಯೆಯನ್ನು ನೋಡಿ ಅದನ್ನೇ ಆರಿಸಿ. Auto ಇದೆ ಎಂದು ಸುಮ್ಮನಿರಬೇಡಿ. ಅದು ಎಲ್ಲ ಸಲವೂ ಸರಿಯಾದ ಕಿಂಡಿಯನ್ನು ಹುಡುಕುವುದಿಲ್ಲ.

3. ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿ. ನೋಡುವುದಕ್ಕೆ ಸರಿಯಾಗಿದ್ದರೂ ಎಚ್‌ಡಿಎಂಐ ತುದಿ ಸ್ವಲ್ಪ ಹೊರಗೆ ಜಾರಿರಬಹುದು. ವಿಜಿಎ ಆದರೆ ಎರಡು ಬದಿಯ ತಿರುಪುಗಳನ್ನು ಬಿಗಿ ಮಾಡಿ. ಹಾಗೂ ಬರದಿದ್ದರೆ ಪಕ್ಕದ ಮೇಜಿನಲ್ಲಿ ಈಗ ಚಿತ್ರ ತೋರಿಸುತ್ತಿರುವ ಕೇಬಲ್ಲನ್ನೇ ತಂದು ಹಾಕಿ. ಕಪಾಟಿನ ಹಳೆಯ ಕೇಬಲ್ ಹಾಕಿದರೆ ಅದೂ ಕೆಟ್ಟಿರಬಹುದು, ಪರೀಕ್ಷೆಗೆ ಅರ್ಥವಿರುವುದಿಲ್ಲ.

4. ಸಿಪಿಯುವಿನ ಹಿಂಭಾಗದಲ್ಲಿ ಕೇಬಲ್ ಎಲ್ಲಿದೆ ಎಂದು ಕಣ್ಣಿಟ್ಟು ನೋಡಿ. ಹೆಚ್ಚು ಜನ ತಪ್ಪುವುದು ಇಲ್ಲೇ. ನಿಲ್ಲಿಸಿಟ್ಟ ಪೆಟ್ಟಿಗೆಯ ಮೇಲ್ಭಾಗದಲ್ಲಿ ಯುಎಸ್‌ಬಿ, ನೆಟ್‌ವರ್ಕ್ ಕಿಂಡಿಗಳ ಜೊತೆಗಿರುವುದು ಮದರ್‌ಬೋರ್ಡಿನ ಔಟ್‌ಪುಟ್. ಅದರ ಕೆಳಗೆ, ಬೇರೆಯದೇ ಲೋಹದ ಪಟ್ಟಿಯಲ್ಲಿ ಅಡ್ಡಸಾಲಾಗಿರುವುದು ಗ್ರಾಫಿಕ್ಸ್ ಕಾರ್ಡಿನ ಔಟ್‌ಪುಟ್. ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಕೇಬಲ್ ಕೆಳಗಿನ ಕಾರ್ಡಿಗೇ ಹೋಗಬೇಕು. ಕಾರ್ಡ್ ಹಾಕಿದ ಕೂಡಲೇ ಎಷ್ಟೋ ಮದರ್‌ಬೋರ್ಡುಗಳು ತಮ್ಮ ಔಟ್‌ಪುಟ್ ನಿಲ್ಲಿಸಿಬಿಡುತ್ತವೆ. ಇನ್ನು ಕೆಲವು ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಭಾಗವೇ ಇರುವುದಿಲ್ಲ. ಇಂಟೆಲ್‌ನ i5-12400F ಹಾಗೆ ಹೆಸರಿನ ಕೊನೆಗೆ F ಇರುವುದು ಆ ಬಗೆಯದು. ಎಎಂಡಿಯ Ryzen 5 5600 ಕೂಡ ಹಾಗೆಯೇ, ಆದರೆ 5600G ಯಲ್ಲಿ ಗ್ರಾಫಿಕ್ಸ್ ಇದೆ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರ್ ಇದ್ದರೆ ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿ ಹೆಸರಿಗೆ ಮಾತ್ರ, ಅಲ್ಲಿಂದ ಚಿತ್ರ ಬರುವುದಿಲ್ಲ.

5. ಕಂಪ್ಯೂಟರ್ ನಡೆಯುತ್ತಿದ್ದರೆ ಕೀಲಿಗಳಿಂದ ಪ್ರಯತ್ನಿಸಿ. ವಿಂಡೋಸ್‌ನಲ್ಲಿ Win + Ctrl + Shift + B ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದ ಫೈಲುಗಳು ಹಾಗೇ ಉಳಿಯುತ್ತವೆ. ಪ್ರೊಜೆಕ್ಟರ್ ಬಳಸಿದ ನಂತರ ಹೀಗಾಗಿದ್ದರೆ Win + P ಒತ್ತಿ. ಚಿತ್ರವನ್ನು ಎರಡನೆಯ ಪರದೆಗೆ ಮಾತ್ರ ಕಳಿಸುವ ಆಯ್ಕೆ ಉಳಿದುಕೊಂಡಿರಬಹುದು.

ಒಂದು ಉದಾಹರಣೆ

ಸುಣ್ಣಬಣ್ಣಕ್ಕೆಂದು ಲ್ಯಾಬ್ ಖಾಲಿ ಮಾಡಿ, ಕಂಪ್ಯೂಟರುಗಳನ್ನು ಮತ್ತೆ ಜೋಡಿಸಿದ್ದೇವೆ ಎಂದುಕೊಳ್ಳಿ. ಮೂಲೆಯ ಕಂಪ್ಯೂಟರಿನಲ್ಲಿ No Signal ಬರುತ್ತಿದೆ. Caps Lock ದೀಪ ಹತ್ತಿ ಆರುತ್ತಿದೆ, ಆದ್ದರಿಂದ ಕಂಪ್ಯೂಟರ್ ನಡೆಯುತ್ತಿದೆ. ಇನ್‌ಪುಟ್ ಪಟ್ಟಿಯಲ್ಲಿ ಸರಿಯಾದ ಎಚ್‌ಡಿಎಂಐ ಆಯ್ಕೆಯಾಗಿದೆ. ಪಕ್ಕದ ಕೇಬಲ್ ಹಾಕಿದರೂ ಚಿತ್ರವಿಲ್ಲ, ಅಂದರೆ ಕೇಬಲ್ ದೋಷವೂ ಅಲ್ಲ. ಹಿಂದೆ ನೋಡಿದರೆ ಕೇಬಲ್ ಇರುವುದು ಮೇಲಿನ ಕಿಂಡಿಯಲ್ಲಿ. ಆ ಕಂಪ್ಯೂಟರಿನ ಪ್ರೊಸೆಸರ್ i5-12400F, ಕೆಳಗೆ ಗ್ರಾಫಿಕ್ಸ್ ಕಾರ್ಡ್ ಬೇರೆ ಇದೆ. ಕೇಬಲ್ಲನ್ನು ಕೆಳಗಿನ ಕಿಂಡಿಗೆ ಬದಲಿಸಿದರೆ ಚಿತ್ರ ಬರುತ್ತದೆ. ಯಾವ ಭಾಗವೂ ಕೆಟ್ಟಿರಲಿಲ್ಲ. ಈ ನಾಲ್ಕು ಹೆಜ್ಜೆ ಇಡದೆ ಮೊದಲೇ ಪೆಟ್ಟಿಗೆ ಬಿಚ್ಚಿದ್ದರೆ ಸರಿಯಿದ್ದ ರ‍್ಯಾಮ್, ಕಾರ್ಡುಗಳನ್ನೆಲ್ಲ ಕಿತ್ತು ನೋಡಬೇಕಾಗುತ್ತಿತ್ತು.

ಮಾಡಬಾರದ್ದು

1. ಪವರ್ ಗುಂಡಿಯನ್ನು ಒತ್ತಿಹಿಡಿದು ಬಲವಂತವಾಗಿ ಆಫ್ ಮಾಡಬೇಡಿ. Caps Lock ದೀಪ ಹತ್ತುತ್ತಿದ್ದರೆ ಒಳಗೆ ಯಾರದೋ ಉಳಿಸದ ಕೆಲಸ ತೆರೆದಿರಬಹುದು. ಬಲವಂತದಿಂದ ಆಫ್ ಮಾಡಿದರೆ ಅದು ಹೋಗುತ್ತದೆ. ಮೇಲಿನ ಐದೂ ಹೆಜ್ಜೆ ಮುಗಿದ ನಂತರವೇ ಆ ಮಾತು.

2. ಕೇಬಲ್ಲನ್ನು ಜಗ್ಗಬೇಡಿ, ತುರುಕಬೇಡಿ. ಡಿಸ್‌ಪ್ಲೇಪೋರ್ಟ್ ತುದಿಗೆ ಸಾಮಾನ್ಯವಾಗಿ ಕೊಕ್ಕೆ ಇರುತ್ತದೆ. ಅದರ ಗುಂಡಿಯನ್ನು ಒತ್ತಿಹಿಡಿದೇ ಹೊರಗೆಳೆಯಬೇಕು, ಇಲ್ಲದಿದ್ದರೆ ಕಾರ್ಡಿನ ಕಿಂಡಿಯೇ ಹಾಳಾಗಬಹುದು. ವಿಜಿಎ ತುದಿಯಲ್ಲಿ ಬಾಗಿದ ಪಿನ್ ಕಂಡರೆ ಸಿಕ್ಕಿಸದೆ ತಿಳಿಸಿ. ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಹಲವು ಕೇಬಲ್ಲುಗಳನ್ನು ತಯಾರಿಸುವುದೇ ಹಾಗೆ.

3. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ಲನ್ನು ತಿರುಗಿಸಿ ಹಾಕಬೇಡಿ. ಸಾಮಾನ್ಯವಾಗಿ ಅದು ಒಂದೇ ದಿಕ್ಕಿನದು. ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರಿಗೆ, ಎಚ್‌ಡಿಎಂಐ ತುದಿ ಮಾನಿಟರಿಗೆ. ಅದಲುಬದಲಾದರೆ ಎರಡೂ ಕಡೆ ಸರಿಯಾಗಿ ಕೂತಿದ್ದರೂ ಚಿತ್ರ ಬರುವುದಿಲ್ಲ.

4. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಬೇಡಿ. ಕೇಬಲ್ಲನ್ನೂ ಕಿಂಡಿಯನ್ನೂ ಒಟ್ಟಿಗೆ ಬದಲಿಸಿದರೆ ಚಿತ್ರ ಬಂದರೂ ದೋಷ ಯಾವುದರಲ್ಲಿತ್ತು ಎಂದು ತಿಳಿಯುವುದಿಲ್ಲ. ಆಗ ಕೆಟ್ಟ ಕೇಬಲ್ ಮತ್ತೆ ಇನ್ನೊಂದು ಮೇಜಿಗೆ ಸೇರುತ್ತದೆ.

5. ವಿದ್ಯಾರ್ಥಿಗಳು ಪೆಟ್ಟಿಗೆ ಬಿಚ್ಚಬಾರದು. ಮಾನಿಟರನ್ನೂ ಪವರ್ ಸಪ್ಲೈಯನ್ನೂ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅವುಗಳೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ರ‍್ಯಾಮ್ ಅಥವಾ ಕಾರ್ಡ್ ತೆಗೆದು ಹಾಕುವುದು, ಕಾರ್ಡಿನ 6 ಅಥವಾ 8 ಪಿನ್ನಿನ ಪವರ್ ಕೇಬಲ್ ನೋಡುವುದು ಲ್ಯಾಬ್ ಸಹಾಯಕರ ಕೆಲಸ. ಅವರೂ ಗೋಡೆಯ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಬೇಕು.

6. ಹೊಸ ರ‍್ಯಾಮ್ ಹಾಕಿದ ಕೂಡಲೇ ಆತುರಪಟ್ಟು ಆಫ್ ಮಾಡಬೇಡಿ. ಡಿಡಿಆರ್5 ರ‍್ಯಾಮ್ ಇರುವ ಕಂಪ್ಯೂಟರ್ ಮೊದಲ ಸಲ ಆ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು No Signal ಇರುವುದು ಸಹಜ.

ಇಷ್ಟಾದರೂ ಚಿತ್ರ ಬರದಿದ್ದರೆ

ದೋಷಗಳ ಪುಸ್ತಕದಲ್ಲಿ ನಾಲ್ಕು ವಿಷಯ ಬರೆಯಿರಿ: ಪರದೆಯ ಮೇಲೆ ಬಂದ ಅಕ್ಷರಗಳು ಇದ್ದ ಹಾಗೇ, Caps Lock ದೀಪ ಹತ್ತಿತೋ ಇಲ್ಲವೋ, ಕೇಬಲ್ ಯಾವ ಕಿಂಡಿಯಲ್ಲಿದೆ, ಯಾವ ಕೇಬಲ್ ಬದಲಿಸಿ ನೋಡಿದಿರಿ. ಬಂದದ್ದು Out of Range ಆಗಿದ್ದರೆ ಅದು ಬೇರೆಯೇ ದೋಷ. ಅಲ್ಲಿ ಚಿತ್ರ ಮಾನಿಟರನ್ನು ತಲುಪುತ್ತಿದೆ, ಆದರೆ ಅದರ ಅಳತೆಯೋ ವೇಗವೋ ಮಾನಿಟರಿನ ಮಿತಿಯನ್ನು ಮೀರಿದೆ. "ಕಂಪ್ಯೂಟರ್ ಕೆಟ್ಟಿದೆ" ಎಂದಷ್ಟೇ ಬರೆದ ದೂರನ್ನು ಸ್ವೀಕರಿಸುವುದಿಲ್ಲ.